ಮುಂದಿನ ವಿಮಾನ ತಪ್ಪಿದಾಗ ಟ್ರಾನ್ಸ್‌ಫರ್ ಡೆಸ್ಕ್‌ನಲ್ಲಿ ಏನನ್ನು, ಯಾವ ಕ್ರಮದಲ್ಲಿ ಕೇಳಬೇಕು?

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ವಿದೇಶಕ್ಕೆ ಹೋಗಿಬರುವವರಲ್ಲಿ ಬಹಳಷ್ಟು ಮಂದಿ ಬೆಂಗಳೂರಿನಲ್ಲಿ ವಿಮಾನ ಹತ್ತಿ, ದೋಹಾ, ದುಬೈ ಅಥವಾ ಅಬುಧಾಬಿಯಲ್ಲಿ ಇಳಿದು, ಅಲ್ಲಿಂದ ಇನ್ನೊಂದು ವಿಮಾನ ಹಿಡಿಯುತ್ತಾರೆ. ಮೊದಲ ವಿಮಾನ ತಡವಾಗಿ ಬಂದು ಎರಡನೆಯದು ತಪ್ಪಿಹೋದರೆ, ಊರಿನಲ್ಲಿ ಟಿಕೆಟ್ ಮಾಡಿಸಿಕೊಡುವ ನನ್ನಂಥವರಿಗೆ ನಡುರಾತ್ರಿಯಲ್ಲಿ ಫೋನ್ ಬರುತ್ತದೆ. ಆದರೆ ಆ ಹೊತ್ತಿನಲ್ಲಿ ನಮ್ಮ ಕೈಯಲ್ಲಿ ಮಾಡಬಹುದಾದದ್ದು ತೀರ ಕಡಿಮೆ. ಪ್ರಯಾಣಿಕರು ಒಮ್ಮೆ ಚೆಕ್-ಇನ್ ಮಾಡಿಸಿದ ಮೇಲೆ ಆ ಟಿಕೆಟ್ ವಿಮಾನ ನಿಲ್ದಾಣದ ಹಿಡಿತಕ್ಕೆ ಹೋಗುತ್ತದೆ. ಏಜೆಂಟರ ಕಂಪ್ಯೂಟರಿನಲ್ಲಿ ಅದು ಕಾಣಿಸುತ್ತದೆಯೇ ಹೊರತು ಬದಲಾಯಿಸಲು ಬರುವುದಿಲ್ಲ. ಬದಲಾಯಿಸುವ ಅಧಿಕಾರ ಇರುವುದು ವಿಮಾನ ಕಂಪನಿಗೆ, ಅಂದರೆ ಅದರ ಕಾಲ್ ಸೆಂಟರಿಗೆ ಮತ್ತು ನಿಲ್ದಾಣದ ಒಳಗಿರುವ ಟ್ರಾನ್ಸ್‌ಫರ್ ಡೆಸ್ಕ್‌ಗೆ. ಆದ್ದರಿಂದ ಅಲ್ಲಿ ನಿಂತಾಗ ಪ್ರಯಾಣಿಕರೇ ಏನು ಕೇಳುತ್ತಾರೆ ಎಂಬುದರ ಮೇಲೆ ಮುಂದಿನ ಇಡೀ ದಿನ ಹೇಗೆ ಕಳೆಯುತ್ತದೆ ಎಂಬುದು ನಿಂತಿದೆ.

ಏನು ಕೇಳಬೇಕು ಎಂಬುದಕ್ಕಿಂತ ಯಾವುದನ್ನು ಮೊದಲು ಕೇಳಬೇಕು ಎಂಬುದು ಹೆಚ್ಚು ಮುಖ್ಯವೆಂದು ನಾನು ನಂಬಿದ್ದೇನೆ. ಡೆಸ್ಕ್‌ಗೆ ಬಂದವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಪರಿಹಾರದ ಹಣವನ್ನು, ಆಮೇಲೆ ಹೋಟೆಲನ್ನು, ಕೊನೆಗೆ ಸೀಟನ್ನು. ನಡೆಯಬೇಕಾದದ್ದು ಇದಕ್ಕೆ ತಿರುವುಮುರುವಾಗಿ. ಮುಂದಿನ ವಿಮಾನದಲ್ಲಿ ಉಳಿದಿರುವ ಸೀಟುಗಳು ನಿಮಿಷಗಳ ಲೆಕ್ಕದಲ್ಲಿ ಖಾಲಿಯಾಗುತ್ತವೆ, ಏಕೆಂದರೆ ನಿಮ್ಮ ಜೊತೆಯಲ್ಲೇ ಇಳಿದವರು ನಿಮ್ಮ ಹಿಂದಿನ ಸಾಲಿನಲ್ಲಿ ಅದೇ ಸೀಟುಗಳಿಗಾಗಿ ನಿಂತಿದ್ದಾರೆ. ಹೋಟೆಲ್ ಕೋಣೆಗಳು ಗಂಟೆಗಳ ಲೆಕ್ಕದಲ್ಲಿ ಮುಗಿಯುತ್ತವೆ. ವಿಳಂಬದ ಕಾರಣವನ್ನು ಬರೆಸಿಕೊಳ್ಳುವುದು ನಿಲ್ದಾಣ ಬಿಡುವವರೆಗೂ ಸಾಧ್ಯ. ಪರಿಹಾರದ ಅರ್ಜಿಗೋ ತಿಂಗಳುಗಟ್ಟಲೆ ಕಾಲಾವಕಾಶವಿದೆ. ಯಾವುದು ಬೇಗ ಕೈತಪ್ಪುತ್ತದೆಯೋ ಅದನ್ನು ಮೊದಲು ಕೇಳಬೇಕು. ಈ ಲೇಖನದಲ್ಲಿ ಹೇಳುವ ಕ್ರಮವೆಲ್ಲ ಈ ಒಂದೇ ಲೆಕ್ಕಾಚಾರದಿಂದ ಬಂದದ್ದು.

ಒಂದೇ ಟಿಕೆಟ್ ಎಂದರೆ ಯಾವುದು?

ಇಲ್ಲಿ ಹೇಳುವುದೆಲ್ಲ ಎರಡೂ ವಿಮಾನಗಳು ಒಂದೇ ಟಿಕೆಟ್‌ನಲ್ಲಿ ಇದ್ದಾಗ ಮಾತ್ರ ಅನ್ವಯಿಸುತ್ತದೆ. ಒಂದೇ ದಿನ ಖರೀದಿಸಿದ್ದು, ಒಂದೇ ಬಿಲ್ಲಿನಲ್ಲಿ ಹಣ ಕಟ್ಟಿದ್ದು, ಒಂದೇ ಕಾಗದದಲ್ಲಿ ಎರಡೂ ವಿಮಾನಗಳ ವಿವರ ಅಚ್ಚಾಗಿದ್ದು, ಇವು ಯಾವುವೂ ಅದಕ್ಕೆ ಸಾಕ್ಷಿಯಲ್ಲ. ಕೆಲವು ಜಾಲತಾಣಗಳು ಎರಡು ಬೇರೆ ಬೇರೆ ಕಂಪನಿಗಳ ಎರಡು ಬೇರೆ ಬೇರೆ ಟಿಕೆಟ್‌ಗಳನ್ನು ಜೋಡಿಸಿ ಒಂದೇ ಪ್ರಯಾಣದಂತೆ ಮಾರುತ್ತವೆ. ಅಂಥ ಪ್ರಯಾಣದಲ್ಲಿ ಮೊದಲ ವಿಮಾನ ತಡವಾದರೆ ಎರಡನೇ ಕಂಪನಿಗೆ ಅದರ ಹೊಣೆ ಇರುವುದಿಲ್ಲ.

ನೋಡಬೇಕಾದದ್ದು ಇ-ಟಿಕೆಟ್ ಸಂಖ್ಯೆಯನ್ನು. ಅದು 13 ಅಂಕಿಗಳದು. ಮೊದಲ ಮೂರು ಅಂಕಿಗಳು ಟಿಕೆಟ್ ಕೊಟ್ಟ ಕಂಪನಿಯನ್ನು ಸೂಚಿಸುತ್ತವೆ. ಉದಾಹರಣೆಗೆ ಏರ್ ಇಂಡಿಯಾದ ಟಿಕೆಟ್ 098ರಿಂದ, ಎಮಿರೇಟ್ಸ್‌ನದು 176ರಿಂದ ಆರಂಭವಾಗುತ್ತದೆ. ಎರಡೂ ವಿಮಾನಗಳ ಎದುರು ಅದೇ 13 ಅಂಕಿಗಳಿದ್ದರೆ ಅದು ಒಂದೇ ಟಿಕೆಟ್, ವಿಮಾನಗಳು ಬೇರೆ ಬೇರೆ ಕಂಪನಿಗಳವಾಗಿದ್ದರೂ ಸರಿ. ಒಂದು ಇ-ಟಿಕೆಟ್‌ನಲ್ಲಿ ನಾಲ್ಕು ವಿಮಾನಗಳವರೆಗೆ ಮಾತ್ರ ಸೇರಿಸಲು ಬರುವುದರಿಂದ, ಅದಕ್ಕಿಂತ ಹೆಚ್ಚು ವಿಮಾನಗಳಿರುವ ಪ್ರಯಾಣದಲ್ಲಿ ಒಂದರ ಮುಂದಿನ ಸಂಖ್ಯೆಯ ಇನ್ನೊಂದು ಟಿಕೆಟ್ ಇರುತ್ತದೆ. ಅದನ್ನೂ ಒಂದೇ ಟಿಕೆಟ್ ಎಂದೇ ಪರಿಗಣಿಸುತ್ತಾರೆ. ಈ ಸಂಖ್ಯೆಯನ್ನು ಹೊರಡುವ ಮೊದಲೇ ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್‌ನೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಡೆಸ್ಕ್ ತಲುಪುವ ಹೊತ್ತಿಗೆ ಫೋನಿನ ಬ್ಯಾಟರಿ ಮುಗಿದಿರುವ ಸಂಭವವೇ ಹೆಚ್ಚು.

ಒಂದು ಪ್ರಸಂಗ

ಕ್ರಮವನ್ನು ಬರಿದೇ ಹೇಳಿದರೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಒಂದು ಕಾಲ್ಪನಿಕ ಪ್ರಸಂಗವನ್ನು ಹಿಡಿದು ನೋಡೋಣ. ದಾವಣಗೆರೆಯ ವಿದ್ಯಾನಗರದ ನಿವೃತ್ತ ಮೇಷ್ಟ್ರು ಮತ್ತು ಅವರ ಪತ್ನಿ ಜರ್ಮನಿಯ ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಹೋಗಿ ಹಿಂತಿರುಗುತ್ತಿದ್ದಾರೆ. ಮ್ಯೂನಿಕ್‌ನಿಂದ ಕೊಲ್ಲಿಯ ಒಂದು ನಗರಕ್ಕೆ, ಅಲ್ಲಿಂದ ಬೆಂಗಳೂರಿಗೆ, ಎರಡೂ ಕೊಲ್ಲಿಯ ಒಂದೇ ಕಂಪನಿಯ ವಿಮಾನಗಳು, ಒಂದೇ ಟಿಕೆಟ್. ಮೊದಲ ವಿಮಾನ ರಾತ್ರಿ 11:30ಕ್ಕೆ ಇಳಿಯಬೇಕು, ಬೆಂಗಳೂರಿನ ವಿಮಾನ 1:15ಕ್ಕೆ ಹೊರಡಬೇಕು, ಬೆಳಿಗ್ಗೆ 7:45ಕ್ಕೆ ಬೆಂಗಳೂರು ಸೇರಬೇಕು. ಆದರೆ ಮ್ಯೂನಿಕ್‌ನಲ್ಲಿ ವಿಮಾನದ ಯಾವುದೋ ಭಾಗ ಕೆಟ್ಟು ಹೊರಡುವುದು ತಡವಾಗಿ, ಇಳಿದಾಗ ಗಂಟೆ 1:10. ಯಜಮಾನತಿಗೆ ಮಂಡಿನೋವು, ಗಾಲಿಕುರ್ಚಿ ಬರೆಸಿದ್ದಾರೆ. ಮೇಷ್ಟ್ರಿಗೆ ಸಕ್ಕರೆ ಕಾಯಿಲೆ. ದಾವಣಗೆರೆಯಿಂದ ಬಾಡಿಗೆ ಕಾರು ನಸುಕಿನಲ್ಲೇ ಹೊರಟು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬರುವುದೆಂದು ಗೊತ್ತುಮಾಡಲಾಗಿದೆ.

ಡೆಸ್ಕ್‌ಗೆ ಹೋಗುವ ಮುನ್ನವೇ ಎರಡು ಕೆಲಸಗಳನ್ನು ಮಾಡದೆ ಇರಬೇಕು. ಒಂದು, ಇಮಿಗ್ರೇಷನ್ ದಾಟಿ ಹೊರಗೆ ಹೋಗಬಾರದು; ಟ್ರಾನ್ಸ್‌ಫರ್ ಡೆಸ್ಕ್ ಇರುವುದು ಒಳಗೆ, ಹೊರಗೆ ಹೋದವರಿಗೆ ಮರಳಿ ಒಳಬರಲು ಹೊಸ ಬೋರ್ಡಿಂಗ್ ಪಾಸ್ ಬೇಕಾಗುತ್ತದೆ. ಎರಡು, ಗಾಬರಿಯಲ್ಲಿ ಸ್ವಂತ ಹಣದಿಂದ ಬೇರೆ ಟಿಕೆಟ್ ಕೊಳ್ಳಬಾರದು. ಹಾಗೆ ಕೊಂಡರೆ ಹಳೆಯ ಟಿಕೆಟ್‌ನ ಉಳಿದ ಭಾಗವನ್ನು ನೀವಾಗಿಯೇ ಬಿಟ್ಟಂತೆ ದಾಖಲಾಗಬಹುದು. ಅದೇ ಟಿಕೆಟ್‌ನಲ್ಲಿ ಮರಳಿ ಬರುವ ಪ್ರಯಾಣವೂ ಇದ್ದರೆ ಅದು ರದ್ದಾಗುವ ಅಪಾಯವಿದೆ.

ಮೊದಲ ಮಾತು: ನಮ್ಮನ್ನು ಈಗಾಗಲೇ ಬೇರೆ ವಿಮಾನಕ್ಕೆ ಹಾಕಿದ್ದೀರಾ?

ಮೇಷ್ಟ್ರು ಪಾಸ್‌ಪೋರ್ಟ್‌ಗಳನ್ನೂ ಹಳೆಯ ಬೋರ್ಡಿಂಗ್ ಪಾಸ್‌ಗಳನ್ನೂ ಮುಂದಿಟ್ಟು ಮೊದಲು ಕೇಳಬೇಕಾದದ್ದು, 'ಬೆಂಗಳೂರಿನ ವಿಮಾನ ಹೊರಟೇ ಹೋಯಿತೆ, ಹೋಗಿದ್ದರೆ ನಮ್ಮಿಬ್ಬರನ್ನು ಯಾವುದಕ್ಕೆ ಹಾಕಿದ್ದೀರಿ' ಎಂದು. ಹೊರಡುವ ವಿಮಾನವೂ ತಡವಾಗಿರುವುದುಂಟು, ಒಂದೇ ವಿಮಾನದಿಂದ ಬರುವ ಹಲವರಿಗಾಗಿ ಅದನ್ನು ಸ್ವಲ್ಪ ಹೊತ್ತು ತಡೆದಿರುವುದೂ ಉಂಟು. ಅದು ಹೋಗಿದ್ದರೆ, ದೊಡ್ಡ ಕಂಪನಿಗಳ ವ್ಯವಸ್ಥೆ ಮೊದಲ ವಿಮಾನ ಇನ್ನೂ ಆಕಾಶದಲ್ಲಿರುವಾಗಲೇ ಪ್ರಯಾಣಿಕರಿಗೆ ತಾನಾಗಿಯೇ ಬೇರೆ ಸೀಟು ಹುಡುಕಿ ಇಟ್ಟಿರುತ್ತದೆ. ಸಾಲಿನಲ್ಲಿ ನಿಂತಿರುವಾಗ ಕಂಪನಿಯ ಆ್ಯಪ್‌ನಲ್ಲಿ, ಅಥವಾ ಹತ್ತಿರದಲ್ಲಿ ಯಂತ್ರವಿದ್ದರೆ ಅದರಲ್ಲಿ ಹಳೆಯ ಬೋರ್ಡಿಂಗ್ ಪಾಸ್ ತೋರಿಸಿ ಇದನ್ನು ತಿಳಿಯಬಹುದು. ಮ್ಯೂನಿಕ್‌ನಲ್ಲಿರುವ ಮಗಳು ಅದೇ ಹೊತ್ತಿಗೆ ಕಂಪನಿಯ ಕಾಲ್ ಸೆಂಟರಿಗೆ ಫೋನ್ ಮಾಡುತ್ತಿದ್ದರೆ ಇನ್ನೂ ಒಳ್ಳೆಯದು. ಸಾಲಿನಲ್ಲೂ ನಿಲ್ಲಬೇಕು, ಫೋನಿನಲ್ಲೂ ಪ್ರಯತ್ನಿಸಬೇಕು. ಯಾವುದು ಮೊದಲು ಕೂಡಿಬಂದರೂ ಸರಿ.

ನಮ್ಮ ಪ್ರಸಂಗದಲ್ಲಿ ವ್ಯವಸ್ಥೆ ಇಬ್ಬರನ್ನೂ ಅದೇ ಕಂಪನಿಯ ಮುಂದಿನ ನೇರ ವಿಮಾನಕ್ಕೆ ಹಾಕಿದೆ ಎಂದಿಟ್ಟುಕೊಳ್ಳೋಣ. ಅದು ಸಂಜೆ 7:30ಕ್ಕೆ ಹೊರಟು ನಡುರಾತ್ರಿ ಎರಡು ಗಂಟೆಗೆ ಬೆಂಗಳೂರು ಸೇರುತ್ತದೆ. ಅಂದರೆ ಹದಿನೆಂಟು ಗಂಟೆಗೂ ಮೀರಿದ ವಿಳಂಬ. ಇಲ್ಲಿ ಒಂದು ಸೂಕ್ಷ್ಮವಿದೆ. 'ಇದು ಬೇಡ' ಎಂದು ಒಮ್ಮೆ ಹೇಳಿಬಿಟ್ಟರೆ ಡೆಸ್ಕ್‌ನವರು ಅದನ್ನು ಬಿಟ್ಟುಕೊಡಬಹುದು, ಬಿಟ್ಟ ಸೀಟು ಹಿಂದಿನವರಿಗೆ ಹೋಗುತ್ತದೆ. ಹೇಳಬೇಕಾದ ಮಾತು, 'ಇದನ್ನು ಹಾಗೆಯೇ ಹಿಡಿದಿಟ್ಟುಕೊಂಡು, ಇದಕ್ಕಿಂತ ಬೇಗ ಮುಟ್ಟುವ ದಾರಿ ಇದೆಯೇ ನೋಡಿ' ಎಂಬುದು. ಕೊಲ್ಲಿಯ ನಿಲ್ದಾಣಗಳ ಡೆಸ್ಕ್‌ಗಳಲ್ಲಿ ಕೆಲಸ ಮಾಡುವವರಲ್ಲಿ ಭಾರತೀಯರು ಅನೇಕರು, ಹಿಂದಿಯಲ್ಲಿ ಕೇಳಿದರೂ ನಡೆಯುತ್ತದೆ.

ಎರಡನೆಯದು: ಬೇರೆ ದಾರಿ, ಮತ್ತು ಸೀಟು ಖಚಿತವೇ?

ಬೇರೆ ದಾರಿ ಎಂದಾಗ ಕಂಪನಿಯ ಸ್ವಂತ ವಿಮಾನಗಳನ್ನು ಮಾತ್ರ ನೋಡಿ 'ಇಲ್ಲ' ಎನ್ನುವುದು ಸಾಮಾನ್ಯ. ಆಗ ಹೆಸರು ಹಿಡಿದು ಕೇಳಬೇಕು: ಮುಂಬೈ, ಚೆನ್ನೈ, ಹೈದರಾಬಾದ್ ಅಥವಾ ಕೊಚ್ಚಿಗೆ ಹೋಗಿ ಅಲ್ಲಿಂದ ದೇಶದೊಳಗಿನ ವಿಮಾನದಲ್ಲಿ ಬೆಂಗಳೂರಿಗೆ ಬರಲು ಆಗುತ್ತದೆಯೇ, ಬೇರೆ ಕಂಪನಿಯ ನೇರ ವಿಮಾನದಲ್ಲಿ ಸೀಟಿದೆಯೇ. ಬೇರೆ ಕಂಪನಿಗೆ ಕಳಿಸುವುದು ಅವರಿಬ್ಬರ ನಡುವೆ ಟಿಕೆಟ್ ಒಪ್ಪಂದವಿದ್ದರೆ ಮಾತ್ರ ಸಾಧ್ಯ; ಕಡಿಮೆ ದರದ ಕೆಲವು ಕಂಪನಿಗಳಿಗೆ ಅಂಥ ಒಪ್ಪಂದವೇ ಇರುವುದಿಲ್ಲ. ಒಪ್ಪಂದ ಇಲ್ಲವೆಂದರೆ ವಾದಿಸಿ ಫಲವಿಲ್ಲ, ಮುಂದಿನ ಹೆಸರಿಗೆ ಹೋಗಬೇಕು.

ಮೇಷ್ಟ್ರಿಗೆ ಒಂದು ದಾರಿ ಸಿಗುತ್ತದೆ. 2:40ಕ್ಕೆ ಮುಂಬೈಗೆ ಹೊರಡುವ ವಿಮಾನ ಬೆಳಿಗ್ಗೆ 8:40ಕ್ಕೆ ಇಳಿಯುತ್ತದೆ. ಅಲ್ಲಿಂದ 12:30ಕ್ಕೆ ಹೊರಡುವ ದೇಶೀಯ ವಿಮಾನ 2:20ಕ್ಕೆ ಬೆಂಗಳೂರು ಸೇರುತ್ತದೆ. ಇಲ್ಲಿ ಆತುರದಿಂದ ಒಪ್ಪುವ ಮೊದಲು ತಿಳಿದಿರಬೇಕಾದ ವಿಷಯವೊಂದಿದೆ. ವಿದೇಶದಿಂದ ಬಂದವರು ಭಾರತದಲ್ಲಿ ಮೊದಲು ಕಾಲಿಟ್ಟ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಬೇಕು, ಸಾಮಾನ್ಯವಾಗಿ ಲಗೇಜನ್ನೂ ಅಲ್ಲೇ ಬಿಡಿಸಿಕೊಂಡು ಕಸ್ಟಮ್ಸ್ ದಾಟಿ, ದೇಶೀಯ ವಿಮಾನಕ್ಕೆ ಮತ್ತೆ ಒಪ್ಪಿಸಬೇಕು. ಟ್ಯಾಗ್‌ನಲ್ಲಿ ಬೆಂಗಳೂರು ಎಂದಿದ್ದರೂ ಸೂಟ್‌ಕೇಸ್ ತಾನಾಗಿಯೇ ಅಲ್ಲಿಗೆ ಹೋಗುತ್ತದೆ ಎಂದು ನಂಬಿ ಮುಂಬೈಯ ಬೆಲ್ಟ್ ಬಳಿ ನಿಲ್ಲದೆ ಬಂದವರು ಬೆಂಗಳೂರಿನಲ್ಲಿ ಬರಿಗೈಯಲ್ಲಿ ಉಳಿಯುತ್ತಾರೆ. ಮೂರು ಮುಕ್ಕಾಲು ಗಂಟೆಯ ಅಂತರ ಕಾಗದದ ಮೇಲೆ ಸಾಕಾಗುತ್ತದೆ. ಆದರೆ ಗಾಲಿಕುರ್ಚಿಯಲ್ಲಿರುವವರು, ನಾಲ್ಕು ಸೂಟ್‌ಕೇಸ್, ರಾತ್ರಿಯಿಡೀ ನಿದ್ದೆಯಿಲ್ಲದ ದೇಹ, ಇವನ್ನೆಲ್ಲ ಲೆಕ್ಕ ಹಾಕಿದಾಗ ಹದಿನೆಂಟು ಗಂಟೆಯ ವಿಳಂಬದೊಂದಿಗೆ ಹೋಟೆಲ್‌ನಲ್ಲಿ ಮಲಗುವುದೇ ಕೆಲವರಿಗೆ ಮೇಲು. ಇದನ್ನು ಡೆಸ್ಕ್‌ನವರು ತೀರ್ಮಾನಿಸಲಾರರು, ಪ್ರಯಾಣಿಕರೇ ತೀರ್ಮಾನಿಸಬೇಕು. ದಂಪತಿ ಮುಂಬೈ ದಾರಿಯನ್ನೇ ಆರಿಸಿಕೊಂಡರು ಎಂದು ಭಾವಿಸಿ ಮುಂದುವರಿಯುತ್ತೇನೆ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಸಾಧ್ಯತೆಯೂ ಇದೆ. ದಾವಣಗೆರೆಗೆ ಬೆಂಗಳೂರು ಸುಮಾರು 260 ಕಿಲೋಮೀಟರ್, ಹುಬ್ಬಳ್ಳಿ ಸುಮಾರು 150 ಕಿಲೋಮೀಟರ್. ಮುಂಬೈಯಿಂದ ಹುಬ್ಬಳ್ಳಿಗೆ ವಿಮಾನವಿರುವ ದಿನವಾದರೆ 'ಬೆಂಗಳೂರಿನ ಬದಲು ಹುಬ್ಬಳ್ಳಿಗೆ ಕೊಡಲು ಬರುತ್ತದೆಯೇ' ಎಂದು ಒಮ್ಮೆ ಕೇಳಬಹುದು. ಟಿಕೆಟ್ ಇರುವುದು ಬೆಂಗಳೂರಿಗೆ, ಆದ್ದರಿಂದ ಕೊಡಲೇಬೇಕೆಂಬ ಕಟ್ಟುಪಾಡು ಕಂಪನಿಗಿಲ್ಲ. ಒಮ್ಮೆ ಕೇಳಿ, ಆಗದು ಎಂದರೆ ಬಿಟ್ಟುಬಿಡಬೇಕು.

ಹೊಸ ದಾರಿ ಇನ್ನೊಂದು ದೇಶದ ಮೂಲಕ ಹೋಗುವುದಾದರೆ ವೀಸಾದ ಪ್ರಶ್ನೆ ಇದೇ ಹಂತದಲ್ಲಿ ಬರಬೇಕು. ಮೇಷ್ಟ್ರು ಭಾರತಕ್ಕೆ ಬರುತ್ತಿರುವುದರಿಂದ ಅವರಿಗೆ ಇದು ತೊಡಕಲ್ಲ. ಆದರೆ ಇಲ್ಲಿಂದ ಹೊರಗೆ ಹೋಗುವವರಿಗೆ, ಉದಾಹರಣೆಗೆ ಲಂಡನ್‌ನಲ್ಲಿ ವಿಮಾನ ಬದಲಿಸುವ ದಾರಿ ಕೊಟ್ಟರೆ, ಭಾರತೀಯ ಪಾಸ್‌ಪೋರ್ಟ್‌ಗೆ ಟ್ರಾನ್ಸಿಟ್ ವೀಸಾ ಬೇಕಾಗಬಹುದು. ಅಮೆರಿಕದಲ್ಲಂತೂ ಬರೀ ವಿಮಾನ ಬದಲಿಸುವುದಕ್ಕೂ ವೀಸಾ ಬೇಕೇ ಬೇಕು. ಡೆಸ್ಕ್‌ನವರ ಕಂಪ್ಯೂಟರಿನಲ್ಲಿ ಇದನ್ನು ಪರಿಶೀಲಿಸುವ ವ್ಯವಸ್ಥೆ ಇರುತ್ತದೆ, 'ಈ ಪಾಸ್‌ಪೋರ್ಟ್‌ಗೆ ಈ ದಾರಿ ನಡೆಯುತ್ತದೆಯೇ ನೋಡಿ' ಎಂದರೆ ನೋಡುತ್ತಾರೆ.

ಸೀಟು ಸಿಕ್ಕಿತು ಎಂದೊಡನೆ ಕೇಳಬೇಕಾದ ಇನ್ನೊಂದು ಮಾತು, 'ಇದು ಕನ್ಫರ್ಮ್ ಸೀಟೋ, ಸ್ಟ್ಯಾಂಡ್‌ಬೈಯೋ?' ಎಂಬುದು. ಕೈಗೆ ಬೋರ್ಡಿಂಗ್ ಪಾಸ್ ಬಂದ ಮಾತ್ರಕ್ಕೆ ಸೀಟು ಸಿಕ್ಕಿದಂತಲ್ಲ. ಸೀಟಿನ ಜಾಗದಲ್ಲಿ 24ಸಿ ಎಂಬಂಥ ಸಂಖ್ಯೆಯ ಬದಲು `SBY` ಎಂದು ಅಚ್ಚಾಗಿದ್ದರೆ, ಎಲ್ಲರೂ ಹತ್ತಿದ ಮೇಲೆ ಜಾಗ ಉಳಿದರೆ ಮಾತ್ರ ಹತ್ತಿಸುತ್ತಾರೆ ಎಂದು ಅರ್ಥ. ಸ್ಟ್ಯಾಂಡ್‌ಬೈ ಒಪ್ಪಿಕೊಳ್ಳಬಾರದೆಂದಲ್ಲ, ಒಪ್ಪಿಕೊಂಡರೂ ಸಂಜೆಯ ಖಚಿತ ಸೀಟು ಹಾಗೆಯೇ ಇರಬೇಕು ಎಂದು ಹೇಳಿ ಒಪ್ಪಿಸಿಕೊಳ್ಳಬೇಕು.

ಮೂರನೆಯದು: ಟಿಕೆಟ್ ಮರುವಿತರಣೆ ಆಯಿತೆ?

ಇದು ಅತ್ಯಂತ ಕಡಿಮೆ ಜನ ಕೇಳುವ ಪ್ರಶ್ನೆ. ಆದರೆ ಎರಡನೇ ಬಾರಿ ಸಿಕ್ಕಿಹಾಕಿಕೊಳ್ಳುವವರಲ್ಲಿ ಅನೇಕರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಮಾನ ಪ್ರಯಾಣದಲ್ಲಿ ಬುಕಿಂಗ್ ಒಂದು, ಟಿಕೆಟ್ ಇನ್ನೊಂದು. ಮದುವೆಗೆ ಛತ್ರ ಹಿಡಿದಾಗ ಪುಸ್ತಕದಲ್ಲಿ ದಿನಾಂಕ ಬರೆಸುವುದು ಒಂದು ಕೆಲಸ, ಆ ದಿನಾಂಕಕ್ಕೆ ಹಣ ಕಟ್ಟಿದ ರಸೀದಿ ಇನ್ನೊಂದು. ಪುಸ್ತಕದಲ್ಲಿ ದಿನಾಂಕ ತಿದ್ದಿ ರಸೀದಿಯಲ್ಲಿ ಹಳೆಯದನ್ನೇ ಉಳಿಸಿದರೆ ಮದುವೆಯ ದಿನ ಬಾಗಿಲಲ್ಲಿ ಮಾತು ಬೆಳೆಯುತ್ತದೆ. ಆರು ಅಕ್ಷರಗಳ ಪಿಎನ್‌ಆರ್ ಇರುವುದು ಬುಕಿಂಗ್‌ಗೆ, 13 ಅಂಕಿಗಳ ಸಂಖ್ಯೆ ಇರುವುದು ಟಿಕೆಟ್‌ಗೆ. ಡೆಸ್ಕ್‌ನವರು ಅವಸರದಲ್ಲಿ ಬುಕಿಂಗ್‌ನಲ್ಲಿ ಹೊಸ ವಿಮಾನಗಳನ್ನು ಸೇರಿಸಿ, ಟಿಕೆಟನ್ನು ಅವುಗಳಿಗೆ ಹೊಂದಿಸದೆ ಕಳಿಸಿದರೆ, ಆ್ಯಪ್‌ನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮುಂದಿನ ನಿಲ್ದಾಣದಲ್ಲಿ ಮಾತ್ರ 'ಬುಕಿಂಗ್ ಇದೆ, ಟಿಕೆಟ್ ಇಲ್ಲ' ಎನ್ನುತ್ತಾರೆ.

ಬೇರೆ ಕಂಪನಿಯ ವಿಮಾನ ಸೇರಿದಾಗ ಈ ತೊಂದರೆ ಹೆಚ್ಚು. ಮೇಷ್ಟ್ರ ಮುಂಬೈ–ಬೆಂಗಳೂರು ವಿಮಾನ ಬೇರೆ ಕಂಪನಿಯದು. ಆದ್ದರಿಂದ ಅವರು ಕೇಳಬೇಕಾದದ್ದು ಎರಡು: 'ಎರಡೂ ವಿಮಾನಗಳಿಗೆ ಟಿಕೆಟ್ ರೀಇಶ್ಯೂ ಆಯಿತೆ, ಆಗಿದ್ದರೆ ಹೊಸ ಸಂಖ್ಯೆ ಇರುವ ರಸೀದಿಯನ್ನು ಅಚ್ಚು ಮಾಡಿ ಕೊಡಿ' ಮತ್ತು 'ದೇಶೀಯ ಕಂಪನಿಯ ಪಿಎನ್‌ಆರ್ ಏನು?' ಒಂದೇ ಪ್ರಯಾಣಕ್ಕೆ ಪ್ರತಿ ಕಂಪನಿಯಲ್ಲೂ ಬೇರೆ ಬೇರೆ ಪಿಎನ್‌ಆರ್ ಇರುತ್ತದೆ. ದೇಶೀಯ ಕಂಪನಿಯದು ಸಿಕ್ಕಿದರೆ ಮಗಳು ಅಲ್ಲಿಂದಲೇ ಅದರ ಜಾಲತಾಣದಲ್ಲಿ ಹಾಕಿ ಇಬ್ಬರ ಹೆಸರೂ ಇದೆಯೇ ಎಂದು ನೋಡಬಹುದು. ಎರಡೂ ವಿಮಾನಗಳ ಬೋರ್ಡಿಂಗ್ ಪಾಸ್ ಡೆಸ್ಕ್‌ನಲ್ಲೇ ಅಚ್ಚಾಗಿ ಬಂದರೆ ಟಿಕೆಟ್ ಸರಿಯಾಗಿದೆ ಎಂಬುದಕ್ಕೆ ಅದು ಒಳ್ಳೆಯ ಗುರುತು. ಎರಡನೆಯದು ಅಚ್ಚಾಗದಿದ್ದರೆ 'ಏಕೆ ಬರುತ್ತಿಲ್ಲ' ಎಂದು ಅಲ್ಲೇ ಕೇಳಬೇಕು. ವ್ಯವಸ್ಥೆಗಳು ಜೋಡಣೆಯಾಗಿಲ್ಲ ಎಂಬ ಉತ್ತರ ಬಂದರೆ ಅದು ಸಹಜ, ಆಗ ಟಿಕೆಟ್ ಸಂಖ್ಯೆ ಇನ್ನೂ ಮುಖ್ಯವಾಗುತ್ತದೆ.

ಇದೇ ಉಸಿರಿನಲ್ಲಿ ಗಾಲಿಕುರ್ಚಿಯನ್ನೂ ಊಟವನ್ನೂ ಕೇಳಬೇಕು. ಮೊದಲ ಬುಕಿಂಗ್‌ನಲ್ಲಿ ಬರೆಸಿದ್ದ ಗಾಲಿಕುರ್ಚಿ, ಸಕ್ಕರೆ ಕಾಯಿಲೆಯವರ ಊಟ ಅಥವಾ ಸಸ್ಯಾಹಾರ, ಜೊತೆಯಾಗಿ ಕೂರುವ ಸೀಟುಗಳು ಹೊಸ ವಿಮಾನಕ್ಕೆ ತಾವಾಗಿಯೇ ಬರುತ್ತವೆ ಎಂದು ಭರವಸೆ ಇಡುವಂತಿಲ್ಲ. ಇಷ್ಟು ತಡವಾಗಿ ವಿಶೇಷ ಊಟ ಸಿಗದೆ ಹೋಗಬಹುದು. ಗಾಲಿಕುರ್ಚಿಯನ್ನು ಮಾತ್ರ ಎರಡೂ ವಿಮಾನಗಳಿಗೆ, ಮುಂಬೈಯಲ್ಲಿ ಇಳಿಯುವ ಜಾಗಕ್ಕೂ ಸೇರಿಸಿ, ಬರೆಸಲೇಬೇಕು.

ನಾಲ್ಕನೆಯದು: ಲಗೇಜು ಎಲ್ಲಿದೆ?

ಬೋರ್ಡಿಂಗ್ ಪಾಸ್ ಹಿಂದೆ ಅಂಟಿಸಿಕೊಟ್ಟ ಲಗೇಜ್ ಚೀಟಿಗಳನ್ನು ತೋರಿಸಿ ಪ್ರತಿಯೊಂದರ 10 ಅಂಕಿಗಳ ಸಂಖ್ಯೆಯನ್ನೂ ಹೊಸ ವಿಮಾನಕ್ಕೆ ಸೇರಿಸಿದ್ದಾರೆಯೇ ಎಂದು ಕೇಳಬೇಕು. ಸೀಟಿಗೆ ಮೊದಲು ಇದನ್ನು ಕೇಳುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಯಾವ ವಿಮಾನ ಎಂದು ಗೊತ್ತಾಗದೆ ಲಗೇಜನ್ನು ಎಲ್ಲಿಗೂ ಕಳಿಸಲಾಗದು. 1:10ಕ್ಕೆ ಇಳಿದ ಸೂಟ್‌ಕೇಸ್‌ಗಳು 2:40ರ ವಿಮಾನ ಸೇರುವ ಸಾಧ್ಯತೆ ಇದೆ, ಆದರೆ ಅವು ಬೆಂಗಳೂರಿನ ಸಂಜೆಯ ವಿಮಾನಕ್ಕೆ ಎಂದು ಈಗಾಗಲೇ ಬೇರೆ ಕಡೆ ಹೋಗಿರಲೂಬಹುದು. ಡೆಸ್ಕ್‌ನವರ ಪರದೆಯಲ್ಲಿ ಅವನ್ನು ಕೊನೆಯ ಬಾರಿ ಎಲ್ಲಿ ಸ್ಕ್ಯಾನ್ ಮಾಡಿದ್ದಾರೆ ಎಂದು ಕಾಣುತ್ತದೆ. 'ಮುಂಬೈಯಲ್ಲಿ ನಾವು ಬಿಡಿಸಿಕೊಳ್ಳಬೇಕೆ?' ಎಂಬುದನ್ನೂ ಸ್ಪಷ್ಟವಾಗಿ ಕೇಳಬೇಕು.

ಸಂಜೆಯ ವಿಮಾನಕ್ಕಾಗಿ ಹೋಟೆಲ್‌ನಲ್ಲಿ ಉಳಿಯುವವರಿಗೆ ಸಾಮಾನ್ಯವಾಗಿ ಲಗೇಜು ಕೈಗೆ ಸಿಗುವುದಿಲ್ಲ, ಅದು ನಿಲ್ದಾಣದ ಒಳಗೇ ಇರುತ್ತದೆ. ಮಾತ್ರೆಗಳು, ಇನ್ಸುಲಿನ್, ಕನ್ನಡಕ ಸೂಟ್‌ಕೇಸ್‌ನಲ್ಲಿ ಉಳಿದಿದ್ದರೆ ಅದನ್ನು ಇಲ್ಲಿಯೇ ಹೇಳಬೇಕು. ತೆಗೆಸಿಕೊಡಲು ಒಂದೆರಡು ಗಂಟೆ ಹಿಡಿಯಬಹುದು, ಆದರೂ ಔಷಧಿ ಎಂದಾಗ ಸಾಮಾನ್ಯವಾಗಿ ಪ್ರಯತ್ನಿಸುತ್ತಾರೆ.

ಹೋಟೆಲ್, ಊಟ

ಮುಂಬೈ ದಾರಿ ಹಿಡಿದವರಿಗೆ ಊಟದ ಕೂಪನ್ ಸಾಕು. ಹದಿನೆಂಟು ಗಂಟೆ ಕಾಯುವವರು ಕೋಣೆ ಕೇಳಬೇಕು, ಮತ್ತು ಅದರ ಜೊತೆಗೆ ಹೊರಹೋಗಲು ಬೇಕಾದ ವೀಸಾವನ್ನು ಕಂಪನಿಯೇ ಮಾಡಿಸುತ್ತದೆಯೇ, ಹೋಟೆಲ್‌ಗೆ ಕರೆದೊಯ್ದು ಮರಳಿ ತರುವ ವಾಹನ ಎಲ್ಲಿ ಎಷ್ಟು ಹೊತ್ತಿಗೆ, ಎಷ್ಟು ಹೊತ್ತಿನ ಊಟ ಸೇರಿದೆ ಎಂಬುದನ್ನು ತಿಳಿದುಕೊಳ್ಳಬೇಕು. ವಿಳಂಬ ಕಂಪನಿಯ ಕಡೆಯಿಂದಲೇ ಆಗಿದ್ದು, ಒಂದೇ ಟಿಕೆಟ್ ಇದ್ದಾಗ ಈ ಸೌಲಭ್ಯಗಳನ್ನು ಒದಗಿಸುವುದು ರೂಢಿ. ಯುರೋಪಿಯನ್ ಒಕ್ಕೂಟದ ನಿಲ್ದಾಣದಿಂದ ಹೊರಟ ಪ್ರಯಾಣವಾದರೆ ಅದು ಬರೀ ರೂಢಿಯಲ್ಲ, ಕಾನೂನು. ಕೋಣೆಗಳು ಮುಗಿದಿವೆ ಎಂದರೆ 'ನಾವೇ ಹೋಟೆಲ್ ಮಾಡಿಕೊಂಡರೆ ಎಷ್ಟರವರೆಗೆ ಹಣ ಮರಳಿಸುತ್ತೀರಿ' ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಾದರೂ ಪಡೆದುಕೊಳ್ಳಬೇಕು.

ಡೆಸ್ಕ್ ಬಿಡುವ ಮುನ್ನ ಕಾರಣ, ಊರಿಗೆ ಬಂದ ಮೇಲೆ ಹಣ

ಕೊನೆಯ ಪ್ರಶ್ನೆ, 'ಮೊದಲ ವಿಮಾನ ಏಕೆ ತಡವಾಯಿತು, ಅದನ್ನು ಬರೆದುಕೊಡುತ್ತೀರಾ?' ಎಂಬುದು. ಡೆಸ್ಕ್‌ನಲ್ಲಿ ಬರೆದುಕೊಡುವ ಕಂಪನಿಗಳೂ ಇವೆ, ಜಾಲತಾಣದಲ್ಲಿ ಅರ್ಜಿ ಹಾಕಿ ಎನ್ನುವವೂ ಇವೆ. ಹೇಗಾದರೂ ಹಳೆಯ ಬೋರ್ಡಿಂಗ್ ಪಾಸ್‌ಗಳನ್ನು ಎಸೆಯಬಾರದು, ಡೆಸ್ಕ್‌ನವರು ಕೇಳಿದರೆ ಕೊಡುವ ಮೊದಲು ಫೋಟೊ ತೆಗೆದುಕೊಳ್ಳಬೇಕು. ಕೂಪನ್ ಕೊಡುವಾಗ ಯಾವುದಾದರೂ ಕಾಗದಕ್ಕೆ ಸಹಿ ಕೇಳಿದರೆ, ಅದರಲ್ಲಿ ಇನ್ನು ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ ಎಂಬ ಸಾಲು ಇದೆಯೇ ಎಂದು ಓದಿ ನೋಡಿದ ಮೇಲೆಯೇ ಸಹಿ ಮಾಡಬೇಕು.

ಕಾರಣ ಏಕೆ ಮುಖ್ಯವೆಂದರೆ, ಮೇಷ್ಟ್ರ ಪ್ರಯಾಣ ಮ್ಯೂನಿಕ್‌ನಿಂದ ಆರಂಭವಾದದ್ದು. ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮ ಅಲ್ಲಿಂದ ಹೊರಡುವ ಎಲ್ಲ ವಿಮಾನಗಳಿಗೂ, ಕಂಪನಿ ಯಾವ ದೇಶದ್ದೇ ಆಗಿರಲಿ, ಅನ್ವಯಿಸುತ್ತದೆ. ಕೊನೆಯ ಊರನ್ನು ಮೂರು ಗಂಟೆ ಅಥವಾ ಅದಕ್ಕಿಂತ ತಡವಾಗಿ ಸೇರಿದರೆ ಪರಿಹಾರ ಸಿಗುತ್ತದೆ. ಮೊದಲ ವಿಮಾನದ ವಿಳಂಬ ಎಷ್ಟೇ ಚಿಕ್ಕದಿದ್ದರೂ ಲೆಕ್ಕ ಹಾಕುವುದು ಕೊನೆಯ ಊರಿನ ವಿಳಂಬವನ್ನು ಎಂದು ಯುರೋಪಿನ ನ್ಯಾಯಾಲಯ 2013ರಲ್ಲಿ ಸ್ಪಷ್ಟಪಡಿಸಿದೆ. ಮೇಷ್ಟ್ರು 7:45ರ ಬದಲು 2:20ಕ್ಕೆ ಬೆಂಗಳೂರು ಸೇರಿದರು, ಆರೂವರೆ ಗಂಟೆ ತಡ. ದೂರ 3,500 ಕಿಲೋಮೀಟರಿಗಿಂತ ಹೆಚ್ಚು, ಆದ್ದರಿಂದ ತಲಾ 600 ಯೂರೊ. ಕೆಟ್ಟ ಹವಾಮಾನ ಅಥವಾ ವಾಯುಮಾರ್ಗ ನಿಯಂತ್ರಣದ ಅಡಚಣೆಯಂಥ, ಕಂಪನಿಯ ಕೈಮೀರಿದ ಕಾರಣವಾಗಿದ್ದರೆ ಈ ಹಣ ಬರುವುದಿಲ್ಲ. ವಿಮಾನದ ಸಾಮಾನ್ಯ ಯಾಂತ್ರಿಕ ದೋಷವಾಗಿದ್ದರೆ ಬರುತ್ತದೆ. ಇದೇ ದಂಪತಿ ಇದೇ ಕಂಪನಿಯಲ್ಲಿ ಬೆಂಗಳೂರಿನಿಂದ ಮ್ಯೂನಿಕ್‌ಗೆ ಹೋಗುವಾಗ ವಿಮಾನ ತಪ್ಪಿದ್ದರೆ ಈ ನಿಯಮ ಅವರಿಗೆ ಅನ್ವಯಿಸುತ್ತಿರಲಿಲ್ಲ, ಏಕೆಂದರೆ ಯುರೋಪಿನ ಹೊರಗಿನಿಂದ ಹೊರಟಾಗ ಅದು ಯುರೋಪಿನ ಕಂಪನಿಗಳಿಗೆ ಮಾತ್ರ ಸೀಮಿತ.

ಈ ಹಣವನ್ನು ಡೆಸ್ಕ್‌ನಲ್ಲಿ ಕೇಳಿ ಪ್ರಯೋಜನವಿಲ್ಲ, ಅಲ್ಲಿರುವವರಿಗೆ ಅದನ್ನು ಮಂಜೂರು ಮಾಡುವ ಅಧಿಕಾರ ಇರುವುದಿಲ್ಲ. ಊರಿಗೆ ಬಂದ ಮೇಲೆ ಕಂಪನಿಯ ಜಾಲತಾಣದಲ್ಲಿ ಹಳೆಯ ಮತ್ತು ಹೊಸ ಟಿಕೆಟ್ ಸಂಖ್ಯೆಗಳು, ಬೋರ್ಡಿಂಗ್ ಪಾಸ್‌ಗಳ ಫೋಟೊ ಸೇರಿಸಿ ಇಬ್ಬರ ಹೆಸರಿನಲ್ಲೂ ಅರ್ಜಿ ಹಾಕಬೇಕು. ಬೆಂಗಳೂರಿನ ನಿಲ್ದಾಣದಲ್ಲಿ ಕಾದ ಬಾಡಿಗೆ ಕಾರಿನ ಹೆಚ್ಚುವರಿ ಹಣದಂಥ, ವಿಳಂಬದಿಂದಾದ ನಿಜವಾದ ನಷ್ಟವನ್ನು, ವಿಮಾನ ಕಂಪನಿಗಳ ಹೊಣೆಯನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಒಪ್ಪಂದವಾದ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಕೇಳಲು ಅವಕಾಶವಿದೆ. ಅದಕ್ಕೆ ರಸೀದಿ ಬೇಕು, ಮೊಕದ್ದಮೆ ಹೂಡಲು ಎರಡು ವರ್ಷದ ಗಡುವಿದೆ. ಲಗೇಜಿನ ಗಡುವು ಇದಕ್ಕಿಂತ ಬಹಳ ಚಿಕ್ಕದು: ಸೂಟ್‌ಕೇಸ್ ಬಾರದಿದ್ದರೆ ನಿಲ್ದಾಣ ಬಿಡುವ ಮೊದಲೇ ಲಗೇಜ್ ಕೌಂಟರಿನಲ್ಲಿ ವರದಿ ಬರೆಸಿ ಅದರ ಸಂಖ್ಯೆ ಪಡೆಯಬೇಕು, ಹಾನಿಯಾಗಿದ್ದರೆ ಕೈಗೆ ಬಂದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ ಬಂದ 21 ದಿನಗಳೊಳಗೆ ಲಿಖಿತ ದೂರು ಕಂಪನಿಗೆ ಮುಟ್ಟಬೇಕು.